ತಂಗಳನ್ನ ತಿಂದರೆ ಸಕ್ಕರೆ ಏರುವುದಿಲ್ಲವೇ?

ಕಳೆದ ತಿಂಗಳು ನಿವೃತ್ತ ಶಿಕ್ಷಕರೊಬ್ಬರು ನನ್ನಲ್ಲಿಗೆ ಬಂದಿದ್ದರು. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಟ್ಟುಕೊಂಡು ಬಂದವರು. ಈ ಸಲ ಊಟವಾದ ಎರಡು ಗಂಟೆಯ ನಂತರದ ಸಕ್ಕರೆ 240 ಇತ್ತು. ಮಾತ್ರೆ ತಪ್ಪಿಸಿರಲಿಲ್ಲ, ಸಿಹಿಯನ್ನೂ ಮುಟ್ಟಿರಲಿಲ್ಲ. "ಹಿಂದಿನ ದಿನದ ಅನ್ನ ತಿಂದರೆ ಸಕ್ಕರೆ ಏರೋದಿಲ್ಲವಂತಲ್ಲ ಡಾಕ್ಟ್ರೇ, ಅದಕ್ಕೇ ಒಂದು ಬಟ್ಟಲಿಗೆ ಬದಲು ಈಗ ಒಂದೂವರೆ ಬಟ್ಟಲು ಊಟ ಮಾಡ್ತಿದ್ದೀನಿ" ಎಂದರು.

ಅವರು ಕೇಳಿದ್ದು ಸುಳ್ಳಲ್ಲ. ಆದರೆ ಲೆಕ್ಕ ತಪ್ಪಿತ್ತು.

ಅಕ್ಕಿ, ಆಲೂಗೆಡ್ಡೆಗಳಲ್ಲಿರುವುದು ಮುಖ್ಯವಾಗಿ ಪಿಷ್ಟ. ಬೇಯಿಸಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ, ಅವುಗಳ ಬಿಗಿ ಕಟ್ಟು ಸಡಿಲವಾಗುತ್ತದೆ. ಹಾಗಾಗಿಯೇ ಬಿಸಿ ಅನ್ನ ಬೇಗ ಜೀರ್ಣವಾಗಿ, ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅನ್ನ ತಣ್ಣಗಾದಂತೆ ಪಿಷ್ಟದ ಎಳೆಗಳಲ್ಲಿ ಕೆಲವು ಮತ್ತೆ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ. ಈ ಭಾಗವನ್ನು ನಮ್ಮ ಜೀರ್ಣರಸಗಳು ಒಡೆಯಲಾರವು. ಇದನ್ನೇ ರೆಸಿಸ್ಟೆಂಟ್ ಸ್ಟಾರ್ಚ್, ಅಂದರೆ ಜೀರ್ಣಕ್ಕೆ ಬಗ್ಗದ ಪಿಷ್ಟ ಎನ್ನುತ್ತಾರೆ. ಮತ್ತೆ ಬಿಸಿ ಮಾಡಿದರೂ ಅದರಲ್ಲಿ ಸಾಕಷ್ಟು ಹಾಗೆಯೇ ಉಳಿಯುತ್ತದೆ. ಮುದ್ದೆಯಾಗಿ ಅಂಟುವ ಅಕ್ಕಿಗಿಂತ ಉದುರುದುರಾಗುವ ಅಕ್ಕಿಯಲ್ಲಿ ಇದು ಹೆಚ್ಚು.

ಸಣ್ಣ ಕರುಳಿನಲ್ಲಿ ಜೀರ್ಣವಾಗದ ಈ ಪಿಷ್ಟ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ರುಮಿನೊಕಾಕಸ್ ಬ್ರೋಮಿ ಎಂಬ ಬ್ಯಾಕ್ಟೀರಿಯಾ ಅದನ್ನು ಮೊದಲು ಒಡೆಯುತ್ತದೆ. ಒಡೆದ ತುಣುಕುಗಳನ್ನು ಬೇರೆ ಬ್ಯಾಕ್ಟೀರಿಯಾಗಳು ಬಳಸಿಕೊಂಡು ಬ್ಯುಟಿರೇಟ್ ಎಂಬ ಆಮ್ಲವನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ. ಎಲ್ಲರ ಕರುಳಿನಲ್ಲೂ ಈ ಬ್ಯಾಕ್ಟೀರಿಯಾಗಳು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಆದ್ದರಿಂದ ಒಂದೇ ಅನ್ನ ತಿಂದ ಇಬ್ಬರಿಗೆ ಒಂದೇ ಫಲ ಸಿಗುವುದಿಲ್ಲ. ಕೆಲವರಿಗೆ ಬರೀ ಹೊಟ್ಟೆಯುಬ್ಬರ, ವಾಯು ಆಗುವುದೂ ಉಂಟು.

ಈಗ ಲೆಕ್ಕಕ್ಕೆ ಬರೋಣ. ಇಂಡೋನೇಷ್ಯಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಗತಾನೇ ಮಾಡಿದ 100 ಗ್ರಾಂ ಬಿಳಿ ಅನ್ನದಲ್ಲಿ ಇಂಥ ಪಿಷ್ಟ 0.64 ಗ್ರಾಂ ಇತ್ತು. ಒಂದು ದಿನ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿದಾಗ ಅದು 1.65 ಗ್ರಾಂ ಆಯಿತು. ಅದನ್ನು ತಿಂದ 15 ಮಂದಿ ಆರೋಗ್ಯವಂತರಲ್ಲಿ ರಕ್ತದ ಸಕ್ಕರೆಯ ಏರಿಕೆಯೂ ಸ್ವಲ್ಪ ಕಡಿಮೆಯಿತ್ತು. ಹೆಚ್ಚಾದದ್ದು 100 ಗ್ರಾಂಗೆ ಒಂದು ಗ್ರಾಂ ಮಾತ್ರ ಎಂಬುದನ್ನು ಗಮನಿಸಿ. ನಮ್ಮ ಮೇಷ್ಟ್ರ ಒಂದು ಬಟ್ಟಲು ಅನ್ನ ಸುಮಾರು 200 ಗ್ರಾಂ, ಅದರಲ್ಲಿ ಪಿಷ್ಟ ಸುಮಾರು 56 ಗ್ರಾಂ. ಒಂದೂವರೆ ಬಟ್ಟಲಾದರೆ 84 ಗ್ರಾಂ. ತಣ್ಣಗಾದ ಲಾಭವೆಂದು ಮೂರು ಗ್ರಾಂ ಕಳೆದರೂ ಮೊದಲಿಗಿಂತ 25 ಗ್ರಾಂ ಹೆಚ್ಚೇ ಉಳಿಯಿತು! ಸಕ್ಕರೆ ಏರದೆ ಇನ್ನೇನಾದೀತು?

ಇನ್ನೊಂದು ಅಪಾಯವಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ಬೀಜಕಣಗಳಿರಬಹುದು. ಅವು ಕುದಿಸಿದರೂ ಸಾಯುವುದಿಲ್ಲ. ಅನ್ನವನ್ನು ರಾತ್ರಿಯಿಡೀ ಒಲೆಯ ಪಕ್ಕದಲ್ಲೇ ಬಿಟ್ಟರೆ ಅವು ಮೊಳೆತು ಬೆಳೆದು ವಿಷವನ್ನು ಉಂಟುಮಾಡುತ್ತವೆ. ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ವಾಂತಿ ತರಿಸುವ ಆ ವಿಷ ನಾಶವಾಗುವುದಿಲ್ಲ. ಅದಕ್ಕೆ ವಾಸನೆಯೂ ಇರುವುದಿಲ್ಲ. ಚಿತ್ರಾನ್ನ ತಿಂದು ಒಂದರಿಂದ ಐದಾರು ಗಂಟೆಯೊಳಗೆ ವಾಂತಿ ಶುರುವಾದರೆ ಇದನ್ನು ಶಂಕಿಸಬೇಕು.

ಹಾಗಾದರೆ ತಂಗಳನ್ನ ಬೇಡವೇ? ಬೇಡವೆಂದು ನಾನು ಹೇಳುವುದಿಲ್ಲ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, ಒಂದು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮರುದಿನವೇ ಹಬೆಯಾಡುವಂತೆ ಬಿಸಿ ಮಾಡಿ, ಒಂದೇ ಸಲ ತಿಂದು ಮುಗಿಸಿ. ಬೇಯಿಸಿದ ಆಲೂಗೆಡ್ಡೆಯನ್ನೂ ಹೀಗೆಯೇ ಇಟ್ಟು ಮರುದಿನ ಪಲ್ಯ ಮಾಡಬಹುದು. ಫ್ರಿಜ್ ಇಲ್ಲದ ಮನೆಯವರು ಈ ಒಂದೆರಡು ಗ್ರಾಂ ಲಾಭಕ್ಕಾಗಿ ಅನ್ನ ಉಳಿಸುವುದು ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರು ಬಿಸಿ ಅನ್ನದಿಂದ ತಂಗಳನ್ನಕ್ಕೆ ಬದಲಾಯಿಸುವಾಗ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಲಿ. ಏರಿಕೆ ಕಡಿಮೆಯಾಗಿ, ಹಳೆಯ ಪ್ರಮಾಣದ ಇನ್ಸುಲಿನ್ ಹೆಚ್ಚಾಗಿಬಿಡಬಹುದು.

ಮೇಷ್ಟ್ರಿಗೆ ನಾನು ಮಾತ್ರೆ ಹೆಚ್ಚಿಸಲಿಲ್ಲ. ತಂಗಳನ್ನ ಬಿಡಿ ಎಂದೂ ಹೇಳಲಿಲ್ಲ. ಬಟ್ಟಲನ್ನು ಮತ್ತೆ ಒಂದಕ್ಕೆ ಇಳಿಸಿ, ತೆಗೆದ ಅರ್ಧ ಬಟ್ಟಲಿನ ಜಾಗಕ್ಕೆ ಹುರುಳಿಕಾಯಿ ಪಲ್ಯ ಹಾಕಿಕೊಳ್ಳಿ ಎಂದೆ. ಮೂರು ವಾರದ ನಂತರ ಅದೇ ಪರೀಕ್ಷೆಯಲ್ಲಿ ಬಂದದ್ದು 170.