ಆ ಕೆಂಪು ಚೀಟಿ ಎಲ್ಲಿ? ಎಸ್‌ಎಂಪಿಎಸ್ ಕಂಪನಿಯ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ತಮ್ಮ ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಓದಿದರೆ ತಮಗೇ ತಿಳಿಯುತ್ತದೆ. ನಮ್ಮೂರಿನ ಫೋಟೋ ಸ್ಟುಡಿಯೋ ಒಂದಕ್ಕಾದ ನಷ್ಟವನ್ನು ಮೊದಲು ತಮ್ಮ ಸರ್ವಿಸ್ ಕೌಂಟರಿನಲ್ಲಿ ಹೇಳಿಕೊಂಡೆ, ಆಮೇಲೆ ಫೋನಿನಲ್ಲಿ, ಕೊನೆಗೆ ಇಮೇಲಿನಲ್ಲಿ. ಇಮೇಲಿಗೆ ತಮ್ಮ ಸರ್ವಿಸ್ ಮ್ಯಾನೇಜರರು ಉತ್ತರ ಬರೆದು ಒಂದು ಮಾತು ಕೊಟ್ಟರು: ಇನ್ನು ಮುಂದೆ ವಾರಂಟಿಯಲ್ಲಿ ಬದಲಿ ಕೊಡುವ ಪ್ರತಿ ಎಸ್‌ಎಂಪಿಎಸ್ ಜೊತೆ ಅದರದೇ ಕೇಬಲ್‌ಗಳು ಬರುತ್ತವೆ, ಮೇಲೆ ‘ಹಳೆಯ ಕೇಬಲ್ ಹಾಕಬೇಡಿ’ ಎಂಬ ಕೆಂಪು ಚೀಟಿ ಅಂಟಿಸಿರುತ್ತೇವೆ, ಎಂದು. ಈಗ ಭದ್ರಾವತಿಯ ಗಿರಾಕಿಯೊಬ್ಬರಿಗೆ ತಮ್ಮಿಂದ ಬಂದ ಬದಲಿ ಎಸ್‌ಎಂಪಿಎಸ್ ಶಿವಮೊಗ್ಗದ ನನ್ನ ಅಂಗಡಿಯ ಮೇಜಿನ ಮೇಲಿದೆ. ಬರೀ ಡಬ್ಬಿ. ಕೇಬಲ್ಲೂ ಇಲ್ಲ, ಚೀಟಿಯೂ ಇಲ್ಲ.

ಸ್ಟುಡಿಯೋದ ಪ್ರಕರಣ ತಮ್ಮ ಕಡತದಲ್ಲಿದೆ, ಆದರೂ ಓದುಗರಿಗಾಗಿ ಬೇಗ ಹೇಳಿಬಿಡುತ್ತೇನೆ. ಅವರ ಎಸ್‌ಎಂಪಿಎಸ್ ಕೆಟ್ಟಿತು. ವಾರಂಟಿ ಇತ್ತು. ತಮ್ಮ ಕೌಂಟರಿನವರು ‘ಕೇಬಲ್ ಬೇಡ, ಡಬ್ಬಿ ಮಾತ್ರ ಕೊಡಿ’ ಎಂದರು. ರಸೀದಿಯಲ್ಲೂ ಅದನ್ನೇ ಬರೆದರು. ಆ ಮಾಡೆಲ್ ನಿಂತುಹೋಗಿದ್ದರಿಂದ ಅದಕ್ಕಿಂತ ಹೊಸದನ್ನು ಕೊಟ್ಟರು. ಹಳೆಯದನ್ನು ತಮಗೆ ಮಾಡಿಕೊಟ್ಟ ಕಾರ್ಖಾನೆಯೇ ಬೇರೆ, ಹೊಸದನ್ನು ಮಾಡಿಕೊಟ್ಟದ್ದೇ ಬೇರೆ. ಸ್ಟಿಕ್ಕರ್ ಮಾತ್ರ ಎರಡಕ್ಕೂ ತಮ್ಮದೇ.

ಎರಡೂ ಅರೆ ಮಾಡ್ಯುಲರ್. ಅಂದರೆ ಮದರ್‌ಬೋರ್ಡಿನ 24 ಪಿನ್ನಿನ ಕೇಬಲ್ ಮತ್ತು ಪ್ರೊಸೆಸರಿನ ಕೇಬಲ್ ಡಬ್ಬಿಗೇ ಅಂಟಿಕೊಂಡಿರುತ್ತವೆ. ಡಿಸ್ಕ್‌ಗಳಿಗೆ ಹೋಗುವ ಸಾಟಾ ಕೇಬಲ್ ಮುಂತಾದವು ಬಿಚ್ಚಿ ಹಾಕುವಂಥವು. ಸ್ಟುಡಿಯೋದವರ ಬಳಿ ಹಳೆಯ ಸಾಟಾ ಕೇಬಲ್ ಇತ್ತು. ಡಬ್ಬಿಯ ಕಡೆ ಆರು ಪಿನ್, ಮೂರರಂತೆ ಎರಡು ಸಾಲು. ಹೊಸ ಡಬ್ಬಿಯ ಸಾಕೆಟ್ಟಿನಲ್ಲೂ ಆರು ತೂತು, ಅದೇ ಆಕಾರ. ಹಾಕಿದರು, ಟಕ್ಕೆಂದು ಕೂತಿತು. ಕೇಬಲ್ ಇಟ್ಟುಕೊಳ್ಳಿ ಎಂದವರೇ ನೀವಾದ ಮೇಲೆ ಇನ್ನೇನು ಮಾಡಬೇಕಿತ್ತು?

ಸ್ವಿಚ್ ಒತ್ತಿದಾಗ ಫ್ಯಾನ್ ಒಮ್ಮೆ ಅಲುಗಿ ನಿಂತಿತು. ಆ ಕೇಬಲ್ಲಿಗೆ ಒಂದು ಹಾರ್ಡ್ ಡಿಸ್ಕ್, ಒಂದು ಎಸ್‌ಎಸ್‌ಡಿ ಸಿಕ್ಕಿಸಿತ್ತು. ಹಾರ್ಡ್ ಡಿಸ್ಕಿನದೇ ತೊಂದರೆ ಇರಬೇಕೆಂದು ಅದನ್ನು ಬಿಚ್ಚಿ ಮತ್ತೆ ಒತ್ತಿದರು. ಈ ಸಲ ಎಲ್ಲ ಚಾಲೂ ಆಯಿತು. ವಿಂಡೋಸ್ ಇದ್ದದ್ದು ಮದರ್‌ಬೋರ್ಡಿನ ಮೇಲೆಯೇ ಕೂರುವ ಎಂ.2 ಡಿಸ್ಕಿನಲ್ಲಿ, ಅದಕ್ಕೆ ಈ ಕೇಬಲ್ಲಿನ ಹಂಗಿಲ್ಲ. ವಿಂಡೋಸ್ ಬಂತು, D: ಬರಲಿಲ್ಲ. ಸಣ್ಣಗೆ ಸುಟ್ಟ ವಾಸನೆ ಬಂತು. ಆಗ ನನ್ನ ಬಳಿ ತಂದರು.

ನಾನು ಡಿಸ್ಕ್‌ಗಳನ್ನೆಲ್ಲ ಬಿಚ್ಚಿ, ಆ ಕೇಬಲ್ಲಿನ ಡಿಸ್ಕ್ ಕಡೆಯ ತುದಿಗೆ ಮಲ್ಟಿಮೀಟರ್ ಹಿಡಿದೆ. ಸಾಟಾ ಪ್ಲಗ್ಗಿನಲ್ಲಿ 15 ಪಿನ್: 7ರಿಂದ 9ರವರೆಗೆ 5 ವೋಲ್ಟ್, 13ರಿಂದ 15ರವರೆಗೆ 12 ವೋಲ್ಟ್ ಇರಬೇಕು. ಇದನ್ನು ಪ್ರಪಂಚದಲ್ಲಿ ಯಾರೂ ಬದಲಿಸುವಂತಿಲ್ಲ. ಅಲ್ಲಿ ಎರಡೂ ಅದಲುಬದಲಾಗಿದ್ದವು. 5 ಇರಬೇಕಾದಲ್ಲಿ 12, 12 ಇರಬೇಕಾದಲ್ಲಿ 5. ಹೊಸ ಮಾಡೆಲ್ಲಿನ ಸ್ವಂತ ಕೇಬಲ್ ಬೇರೆ ಅಂಗಡಿಯಿಂದ ತಂದು ಹಾಕಿದರೆ ಎಲ್ಲ ಸರಿ. ಡಬ್ಬಿಯಲ್ಲಿ ದೋಷವಿಲ್ಲ, ಕೇಬಲ್ಲಿನಲ್ಲೂ ದೋಷವಿಲ್ಲ. ಒಂದಕ್ಕೊಂದು ಸೇರದವನ್ನು ಸೇರಿಸಿಕೊಳ್ಳಿ ಎಂದ ನಿಮ್ಮ ರಸೀದಿಯಲ್ಲಿದೆ ದೋಷ.

ಹಾರ್ಡ್ ಡಿಸ್ಕಿನ ಬೋರ್ಡಿನಲ್ಲಿ 5 ವೋಲ್ಟಿನ ದಾರಿಗೆ ಒಂದು ಟಿವಿಎಸ್ ಡಯೋಡ್ ಕಾವಲಿರುತ್ತದೆ. ವೋಲ್ಟೇಜ್ ಮಿತಿ ಮೀರಿದರೆ ಅದು ತಾನೇ ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತದೆ. ಮೊದಲ ಸಲ ಆದದ್ದು ಅದು: ಡಯೋಡ್ ಶಾರ್ಟ್ ಆಯಿತು, ಡಬ್ಬಿಯ ಶಾರ್ಟ್ ಸರ್ಕ್ಯೂಟ್ ರಕ್ಷಣೆ ಎಲ್ಲವನ್ನೂ ನಿಲ್ಲಿಸಿತು. ಆ ಡಯೋಡನ್ನು ಕಿತ್ತು, ಸರಿಯಾದ ಕೇಬಲ್ ಕೊಟ್ಟಾಗ ಡಿಸ್ಕ್ ತಿರುಗಿತು. ಒಳಗಿನದನ್ನು ಬೇರೆ ಡಿಸ್ಕಿಗೆ ಇಳಿಸಿಕೊಟ್ಟೆ. ಎಸ್‌ಎಸ್‌ಡಿಗೆ ಆ ಅದೃಷ್ಟವಿರಲಿಲ್ಲ. ಅದು ನಡೆಯುವುದೇ 5 ವೋಲ್ಟಿನಲ್ಲಿ. ಶಾರ್ಟ್ ಆಗಿ ಕಾಪಾಡುತ್ತಿದ್ದ ಹಾರ್ಡ್ ಡಿಸ್ಕನ್ನು ಬಿಚ್ಚಿದ ಮೇಲೆ ಪೂರ್ತಿ 12 ವೋಲ್ಟ್ ಅದರ ಮೇಲೆ ನಿಂತಿತು. ಕಂಟ್ರೋಲರೇ ಸತ್ತ ಎಸ್‌ಎಸ್‌ಡಿಯಲ್ಲಿ ಚಿತ್ರಗಳು ಹಲವು ಚಿಪ್‌ಗಳಲ್ಲಿ ಚದುರಿಕೊಂಡಿರುತ್ತವೆ, ಅವನ್ನು ಜೋಡಿಸುವುದು ಆ ಕಂಟ್ರೋಲರ್. ಹೋದದ್ದು ಎರಡು ಮದುವೆಗಳ ಫೋಟೋ, ಆಲ್ಬಮ್ಮಿಗೆ ತಿದ್ದಿಟ್ಟವು.

ಇದಕ್ಕೆ ನಿಮ್ಮ ಇಂಜಿನಿಯರರ ಮಾತು ಕೇಳಿ: ‘ನಮ್ಮ ಎಸ್‌ಎಂಪಿಎಸ್‌ನಲ್ಲಿ ಓವರ್ ವೋಲ್ಟೇಜ್ ರಕ್ಷಣೆ ಇದೆ, ಹೀಗಾಗಲು ಸಾಧ್ಯವಿಲ್ಲ.’ ಅಯ್ಯಾ, ಆ ರಕ್ಷಣೆ ನೋಡುವುದು ಡಬ್ಬಿಯೊಳಗಿನ 12 ವೋಲ್ಟ್ 12ರಲ್ಲಿದೆಯೇ ಎಂದು ಮಾತ್ರ. ಇತ್ತು. ಅದು ಯಾವ ತಂತಿಯಲ್ಲಿ ಎಲ್ಲಿಗೆ ಹೋಗುತ್ತಿದೆ ಎಂಬುದು ಅದಕ್ಕೆ ಕಾಣುವುದೇ ಇಲ್ಲ. ಆಮೇಲೆ ಬಂದ ಅಧಿಕೃತ ಉತ್ತರ ಇನ್ನೂ ಚಂದ: ಗ್ರಾಹಕರು ಹೊಂದದ ಕೇಬಲ್ ಬಳಸಿದ್ದರಿಂದ ಪರಿಹಾರವಿಲ್ಲ. ಹೊಂದದ ಕೇಬಲ್ಲನ್ನು ಅವರ ಕೈಯಲ್ಲಿ ಉಳಿಸಿದವರು ಯಾರು ಸ್ವಾಮಿ?

ಇಷ್ಟಾದ ಮೇಲೆ ಬಂದದ್ದು ಆ ಕೆಂಪು ಚೀಟಿಯ ಮಾತು. ಪರಿಹಾರ ಬೇಡ, ಮುಂದಿನವರಾದರೂ ಉಳಿಯಲಿ ಎಂದು ಸ್ಟುಡಿಯೋದವರೂ ನಾನೂ ಅದನ್ನು ಒಪ್ಪಿ ಸುಮ್ಮನಾದೆವು. ಒಂದು ಚೀಟಿಗೆ ಎಷ್ಟು ಖರ್ಚು?

ಮಾರುಕಟ್ಟೆಯೇ ಹೀಗೆ ಎನ್ನುತ್ತೀರಿ, ಗೊತ್ತು. ಇಂಟೆಲ್ ರೂಪಿಸಿದ ಎಟಿಎಕ್ಸ್ ನಿಯಮ ಮದರ್‌ಬೋರ್ಡ್ ಮತ್ತು ಡಿಸ್ಕ್ ಕಡೆಯ ತುದಿಯನ್ನು ಕಟ್ಟಿಹಾಕಿತು, ಡಬ್ಬಿಯ ಕಡೆಯ ತುದಿಯನ್ನು ತಯಾರಕರಿಗೆ ಬಿಟ್ಟಿತು. ಎಲ್ಲರೂ ತಮಗೆ ತೋಚಿದಂತೆ ತಂತಿ ಜೋಡಿಸಿದರು. ಸಾಲದ್ದಕ್ಕೆ, ಹಿಂದೆ ಹಳದಿ ತಂತಿ ಎಂದರೆ 12, ಕೆಂಪು ಎಂದರೆ 5, ಕಪ್ಪು ಎಂದರೆ ಗ್ರೌಂಡ್ ಎಂದು ಕಣ್ಣಿಗಾದರೂ ಕಾಣುತ್ತಿತ್ತು. ಈಗ ಅಂದಕ್ಕಾಗಿ ಹಲವು ಕೇಬಲ್‌ಗಳಲ್ಲಿ ಎಲ್ಲ ತಂತಿಯೂ ಕಪ್ಪು. ಡಬ್ಬಿಯ ಕಡೆಯ ಕನೆಕ್ಟರಿನ ಪ್ರತಿ ಪಿನ್ನಿನ ಮನೆಯನ್ನು ಚೌಕವಾಗಿಯೋ ಮೂಲೆ ಕತ್ತರಿಸಿಯೋ ಮಾಡಲು ಬರುತ್ತದೆ. ಪ್ರತಿ ಜೋಡಣೆಗೆ ಒಂದು ಆಕಾರ ಇಟ್ಟಿದ್ದರೆ ತಪ್ಪು ಕೇಬಲ್ ಒಳಗೆ ಹೋಗುತ್ತಲೇ ಇರಲಿಲ್ಲ. ಕೋರ್ಸೇರ್‌ನವರು ತಮ್ಮ ಕೇಬಲ್ಲಿನ ತುದಿಯಲ್ಲಿ ಟೈಪ್ ಸಂಖ್ಯೆ ಅಚ್ಚು ಹಾಕಿ, ಯಾವುದಕ್ಕೆ ಯಾವುದು ಹೊಂದುತ್ತದೆಂಬ ಪಟ್ಟಿಯನ್ನೂ ಪ್ರಕಟಿಸುತ್ತಾರೆ. ನಿಮ್ಮ ಕೇಬಲ್ಲಿನ ಮೇಲೆ ಲೋಗೋ ಇದೆ, ಸಂಖ್ಯೆ ಇಲ್ಲ. ಇನ್ನು ಆನ್‌ಲೈನ್‌ನಲ್ಲಿ ‘ಎಲ್ಲದಕ್ಕೂ ಆಗುತ್ತದೆ’ ಎಂದು ಮಾಡ್ಯುಲರ್ ಕೇಬಲ್ ಮಾರುವವರನ್ನು ಕೇಳುವವರೇ ಇಲ್ಲ. ದೆಹಲಿಯಲ್ಲಿ ಕೂತ ಮಾನಕ ಬ್ಯೂರೋದವರು ಶಾಕ್, ಬೆಂಕಿ ನೋಡಿದಂತೆ ಈ ಸಾಕೆಟ್ಟನ್ನೂ ಒಮ್ಮೆ ನೋಡಲಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಅಧ್ಯಾಯವೇ ಇದೆ. ಸರಿಯಾಗಿ ಬಳಸುವ ಸೂಚನೆ, ಅಪಾಯದ ಎಚ್ಚರಿಕೆ ಕೊಡದಿದ್ದರೆ ಅದೂ ಹೊಣೆಯೇ, ತಯಾರಕರಿಗೂ ಸರ್ವಿಸ್ ಕೊಡುವವರಿಗೂ. ಸ್ಟುಡಿಯೋದವರು ಆ ರಸೀದಿಯನ್ನೂ ನಿಮ್ಮ ಮ್ಯಾನೇಜರರ ಇಮೇಲನ್ನೂ ಜೋಪಾನವಾಗಿಟ್ಟಿದ್ದಾರೆ. ಚೀಟಿಯ ಮಾತಿಗಾಗಿ ಬಿಟ್ಟುಕೊಟ್ಟ ಪರಿಹಾರವನ್ನು ಆ ಮಾತು ಮುರಿದ ಮೇಲೂ ಬಿಟ್ಟುಕೊಡಬೇಕಾಗಿಲ್ಲ ಎಂದು ಅವರಿಗೆ ನಾನೇ ಹೇಳಿದ್ದೇನೆ.

ಭದ್ರಾವತಿಯ ಡಬ್ಬಿಗೆ ನಾನು ಹಳೆಯ ಕೇಬಲ್ ಹಾಕುವುದಿಲ್ಲ, ಗಿರಾಕಿಗೆ ಹಾಕಲೂ ಬಿಡುವುದಿಲ್ಲ. ಆ ಮಾಡೆಲ್ಲಿನ ಕೇಬಲ್‌ಗಳ ಪೂರ್ತಿ ಸೆಟ್ಟು ಕಳಿಸಿ, ಪ್ರತಿ ಸಾಕೆಟ್ಟಿನ ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಎಂಬ ನಕ್ಷೆಯನ್ನೂ ಜೊತೆಗಿಡಿ. ಅವರು ಕೆಲಸ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ವಿಳಾಸ ನಿಮ್ಮದೇ ರಸೀದಿಯಲ್ಲಿದೆ.

ಇತಿ,
ಶಿವಮೊಗ್ಗದ ಕಂಪ್ಯೂಟರ್ ರಿಪೇರಿಯವನು