ಮಾಸ್ಟರ್ ಪಾಸ್‌ವರ್ಡ್ ಮರೆತರೆ ಲಾಗ್ ಔಟ್ ಮಾಡಬೇಡಿ

ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರು ಮಾಸ್ಟರ್ ಪಾಸ್‌ವರ್ಡ್ ಮರೆತಾಗ ಕಂಪನಿಯನ್ನು ಬೈಯುತ್ತಾರೆ. ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆ ಪಾಸ್‌ವರ್ಡ್ ಕಂಪನಿಗೆ ಗೊತ್ತೇ ಇರುವುದಿಲ್ಲ. ನಮ್ಮ ಫೋನಿನಲ್ಲೇ ವಾಲ್ಟ್‌ಗೆ ಬೀಗ ಬಿದ್ದು, ಬೀಗ ಹಾಕಿದ ಪೆಟ್ಟಿಗೆ ಮಾತ್ರ ಸರ್ವರ್‌ಗೆ ಹೋಗುತ್ತದೆ. ಕಂಪನಿ ಅದನ್ನು ತೆರೆಯಬಲ್ಲದಾದರೆ, ಸರ್ವರ್‌ಗೆ ನುಗ್ಗಿದ ಕಳ್ಳನೂ ತೆರೆಯಬಲ್ಲ.

ಹಾಗಾದರೆ ಏನು ಮಾಡಬೇಕು? ಒಬ್ಬ ವಿದ್ಯಾರ್ಥಿನಿಗೆ ಮಾಸ್ಟರ್ ಪಾಸ್‌ವರ್ಡ್ ಮರೆತಿದೆ, ಆದರೆ ಫೋನಿನಲ್ಲಿ ಬೆರಳಚ್ಚಿಟ್ಟರೆ ಆ್ಯಪ್ ತೆರೆಯುತ್ತದೆ ಎನ್ನೋಣ. ಅವಳು ಲಾಗ್ ಔಟ್ ಮಾಡಬಾರದು, ಆ್ಯಪ್ ತೆಗೆದುಹಾಕಲೂಬಾರದು. ಮಾಡಿದರೆ ಮಾಸ್ಟರ್ ಪಾಸ್‌ವರ್ಡನ್ನೇ ಕೇಳುತ್ತದೆ. ಮೊದಲೇ ಸುಳಿವು ಬರೆದಿಟ್ಟಿದ್ದರೆ, ಬೇರೆ ಕಂಪ್ಯೂಟರಿನ ಲಾಗಿನ್ ಪುಟದಿಂದ ಅದನ್ನು ಇಮೇಲಿಗೆ ತರಿಸಿಕೊಳ್ಳಬಹುದು.

ಆಗಲೂ ನೆನಪಾಗದಿದ್ದರೆ ಬೆರಳಚ್ಚಿನಿಂದ ತೆರೆದು ಒಂದೊಂದನ್ನೇ ಕಾಗದಕ್ಕೆ ಬರೆದುಕೊಳ್ಳಬೇಕು. ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡಲು ಹೋದರೆ ಮಾಸ್ಟರ್ ಪಾಸ್‌ವರ್ಡ್ ಬೇಕಾಗುತ್ತದೆ. ಇಮೇಲಿನ ಪಾಸ್‌ವರ್ಡ್ ಮೊದಲು ಬರೆಯಬೇಕು. ಅದೊಂದಿದ್ದರೆ ಉಳಿದ ಹೆಚ್ಚಿನ ಖಾತೆಗಳನ್ನು ‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿ ಮರಳಿ ಪಡೆಯಬಹುದು.

ಎಲ್ಲ ಬರೆದಾದ ಮೇಲಷ್ಟೇ `vault.bitwarden.com/#/recover-delete` ಪುಟದಲ್ಲಿ ಇಮೇಲ್ ಕೊಟ್ಟು ಹಳೆಯ ಖಾತೆ ಅಳಿಸಿ, ಅದೇ ಇಮೇಲಿನಿಂದ ಹೊಸದನ್ನು ತೆರೆಯಬೇಕು. ಗಾಬರಿಯಲ್ಲಿ ಈ ಕೊನೆಯ ಹೆಜ್ಜೆಯನ್ನೇ ಮೊದಲು ಇಟ್ಟರೆ ಎಲ್ಲವೂ ಹೋಯಿತು. ಅಳಿಸಿದ ಒಂದು ಪಾಸ್‌ವರ್ಡ್ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ; ಅಳಿಸಿದ ಖಾತೆಗೆ ಆ ಅವಕಾಶವಿಲ್ಲ.

ಪಾಸ್‌ವರ್ಡ್ ಬರೆದಿಡಬಾರದು ಎನ್ನುತ್ತಾರೆ. ಈ ಒಂದನ್ನು ಮಾತ್ರ ಕಾಗದದಲ್ಲಿ ಬರೆದು, ಮನೆಯ ಬೀರುವಿನಲ್ಲಿ ಅಂಕಪಟ್ಟಿಗಳ ಜೊತೆ ಇಡುವುದೇ ಮೇಲು.