ಜೆ-ವಕ್ರರೇಖೆ ಪರಿಣಾಮ

ಜೆ-ವಕ್ರರೇಖೆ ಪರಿಣಾಮವು ಅಂತಾರಾಷ್ಟ್ರೀಯ ಅರ್ಥಶಾಸ್ತ್ರದ ಒಂದು ಪರಿಕಲ್ಪನೆ. ಒಂದು ದೇಶದ ಕರೆನ್ಸಿಯ ಮೌಲ್ಯ ಕುಸಿದಾಗ ಅದರ ವ್ಯಾಪಾರ ಕೊರತೆ ಕೂಡಲೇ ತಗ್ಗದೆ, ಮೊದಲು ಹಿಗ್ಗಿ ಅನಂತರ ಕುಗ್ಗಬಹುದು ಎಂಬುದನ್ನು ಇದು ವಿವರಿಸುತ್ತದೆ. ಕಾಲಕ್ಕೆ ಅನುಗುಣವಾಗಿ ವ್ಯಾಪಾರ ಶಿಲ್ಕನ್ನು ನಕ್ಷೆಯಲ್ಲಿ ಗುರುತಿಸಿದರೆ ರೇಖೆಯು ಮೊದಲು ಸ್ವಲ್ಪ ಕೆಳಗಿಳಿದು ಬಳಿಕ ಎತ್ತರಕ್ಕೇರುತ್ತದೆ. ಇಂಗ್ಲಿಷಿನ ‘ಜೆ’ ಅಕ್ಷರವನ್ನು ಹೋಲುವ ಈ ಆಕಾರದಿಂದಲೇ ಹೆಸರು ಬಂದಿದೆ.

ಕಾರಣ

ಬೆಲೆಯು ವಿನಿಮಯ ದರದೊಡನೆ ಆ ದಿನವೇ ಬದಲಾಗುತ್ತದೆ, ಪ್ರಮಾಣವು ಬದಲಾಗಲು ತಿಂಗಳುಗಳು ಬೇಕು. ಆಮದುದಾರರು ಹಿಂದೆಯೇ ಮಾಡಿಕೊಂಡ ಒಪ್ಪಂದಗಳಂತೆ ಸರಕನ್ನು ತರಿಸಿಕೊಳ್ಳಲೇಬೇಕು. ವಿದೇಶಿ ಖರೀದಿದಾರರು ಅಗ್ಗವಾದ ಹೊಸ ಮೂಲವನ್ನು ಹುಡುಕಿ, ಮಾದರಿ ಪರೀಕ್ಷಿಸಿ, ಬೇಡಿಕೆ ಸಲ್ಲಿಸುವುದಕ್ಕೂ ಸಮಯ ಹಿಡಿಯುತ್ತದೆ.

ಒಂದು ಕಾಲ್ಪನಿಕ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಡಾಲರಿಗೆ 80 ರೂಪಾಯಿ ಇರುವಾಗ ದೇಶವೊಂದು 120 ಡಾಲರ್ ಬೆಲೆಯ ಸರಕನ್ನು ಆಮದು ಮಾಡಿ, 8,000 ರೂಪಾಯಿಯ ಸರಕನ್ನು ರಫ್ತು ಮಾಡುತ್ತಿದೆ ಎಂದುಕೊಂಡರೆ, ಆಮದಿನ ವೆಚ್ಚ 9,600 ರೂಪಾಯಿ, ಕೊರತೆ 1,600 ರೂಪಾಯಿ. ಡಾಲರ್ 88 ರೂಪಾಯಿಗೆ ಏರಿದೊಡನೆ ಅದೇ ಆಮದಿಗೆ 10,560 ರೂಪಾಯಿ ತೆರಬೇಕಾಗಿ, ಕೊರತೆ 2,560ಕ್ಕೆ ಹಿಗ್ಗುತ್ತದೆ. ಕಾಲಕ್ರಮದಲ್ಲಿ ಆಮದು 114 ಡಾಲರಿಗೆ ಇಳಿದು, ರಫ್ತು ಶೇ. 8ರಷ್ಟು ಹೆಚ್ಚಿದರೆ ಕೊರತೆ 1,392 ರೂಪಾಯಿಗೆ ತಗ್ಗುತ್ತದೆ. ಅಂದರೆ ಮೊದಲಿದ್ದುದಕ್ಕಿಂತಲೂ ಕಡಿಮೆ.

ಈ ಎರಡನೆಯ ಹಂತ ತಾನಾಗಿ ಬರುವುದಿಲ್ಲ. ಆಮದು ಮತ್ತು ರಫ್ತುಗಳೆರಡರ ಬೇಡಿಕೆಯೂ ಬೆಲೆಗೆ ಸಾಕಷ್ಟು ಸ್ಪಂದಿಸಬೇಕು. ವ್ಯಾಪಾರ ಸಮತೋಲನದಲ್ಲಿರುವ ದೇಶದಲ್ಲಿ ಎರಡರ ಸ್ಥಿತಿಸ್ಥಾಪಕತ್ವಗಳ ಮೊತ್ತ ಒಂದನ್ನು ಮೀರಬೇಕೆಂಬುದು ಮಾರ್ಷಲ್–ಲರ್ನರ್ ಷರತ್ತು. ಕೊರತೆಯಿಂದಲೇ ಆರಂಭಿಸುವ ದೇಶಕ್ಕೆ, ಸ್ವಂತ ಕರೆನ್ಸಿಯ ಲೆಕ್ಕದಲ್ಲಿ, ಈ ಷರತ್ತು ಇನ್ನಷ್ಟು ಕಠಿಣ.

ಜಪಾನಿನ ಅನುಭವ

2012ರ ನವೆಂಬರಿನಲ್ಲಿ ಡಾಲರಿಗೆ ಸುಮಾರು 80 ಇದ್ದ ಯೆನ್, ಶಿಂಜೊ ಅಬೆ ಅವರ ಆರ್ಥಿಕ ನೀತಿಯ ನಿರೀಕ್ಷೆಯಿಂದ ಕುಸಿಯತೊಡಗಿತು. 2013ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಜಪಾನ್ ಭಾರೀ ಪ್ರಮಾಣದ ಹಣಕಾಸು ಸಡಿಲಿಕೆಯನ್ನು ಘೋಷಿಸಿದ ಬಳಿಕ, ಮೇ ತಿಂಗಳಲ್ಲಿ ಅದು 100ರ ಗಡಿ ದಾಟಿತು. ಆದರೆ 2012ರಲ್ಲಿ ಸುಮಾರು 6.9 ಲಕ್ಷ ಕೋಟಿ ಯೆನ್ ಇದ್ದ ಸರಕು ವ್ಯಾಪಾರ ಕೊರತೆ 2013ರಲ್ಲಿ ಸುಮಾರು 11.5 ಲಕ್ಷ ಕೋಟಿಗೂ, 2014ರಲ್ಲಿ ಸುಮಾರು 12.8 ಲಕ್ಷ ಕೋಟಿಗೂ ಏರಿತು.

ಇದನ್ನು ಜೆ-ವಕ್ರರೇಖೆಯ ಕೆಳಬಾಗು ಎಂದು ಸುಲಭವಾಗಿ ಹೇಳಿಬಿಡಬಹುದಿತ್ತು. ಆದರೆ ಮೌಲ್ಯವನ್ನೂ ಪ್ರಮಾಣವನ್ನೂ ಬೇರ್ಪಡಿಸಿ ನೋಡಿದಾಗ ಚಿತ್ರ ಬೇರೆಯಾಗುತ್ತದೆ. 2013ರಲ್ಲಿ ರಫ್ತಿನ ಮೌಲ್ಯ ಯೆನ್ ಲೆಕ್ಕದಲ್ಲಿ ಸುಮಾರು ಶೇ. 9.5ರಷ್ಟು ಹೆಚ್ಚಿತಾದರೂ ಸರಕಿನ ಪ್ರಮಾಣ ಸುಮಾರು ಶೇ. 1.5ರಷ್ಟು ಇಳಿದಿತ್ತು. ರೇಖೆಯನ್ನು ಮೇಲೆತ್ತಬೇಕಾದುದು ಪ್ರಮಾಣವೇ. ಅದು ಅಲುಗದಿದ್ದುದಕ್ಕೆ ಒಂದು ಕಾರಣ, ಅನೇಕ ಜಪಾನಿ ಕಂಪನಿಗಳು ವಿದೇಶಗಳಲ್ಲಿ ತಮ್ಮ ಸರಕಿನ ಡಾಲರ್ ಬೆಲೆಯನ್ನು ಇಳಿಸದೆ, ಯೆನ್ ಲೆಕ್ಕದಲ್ಲಿ ಹೆಚ್ಚಿದ ಲಾಭವನ್ನು ಉಳಿಸಿಕೊಂಡದ್ದು. ಬೆಲೆ ಇಳಿಯದ ಮೇಲೆ ಖರೀದಿದಾರ ಹೆಚ್ಚು ಕೊಳ್ಳಲು ಕಾರಣವಿರಲಿಲ್ಲ. ಜೊತೆಗೆ ಉತ್ಪಾದನೆಯ ಒಂದು ಭಾಗ ಆಗಲೇ ಹೊರದೇಶಗಳ ಕಾರ್ಖಾನೆಗಳಿಗೆ ಸ್ಥಳಾಂತರಗೊಂಡಿತ್ತು.

ಆಮದಿನ ಕಡೆಯೂ ಹೊಂದಾಣಿಕೆಗೆ ಅವಕಾಶ ಕಡಿಮೆಯಿತ್ತು. 2011ರ ಫುಕುಶಿಮಾ ದುರಂತದ ತರುವಾಯ ಪರಮಾಣು ಸ್ಥಾವರಗಳು ಒಂದೊಂದಾಗಿ ನಿಂತಿದ್ದರಿಂದ ವಿದ್ಯುತ್ ಉತ್ಪಾದನೆಗೆ ದ್ರವೀಕೃತ ಅನಿಲ, ಕಲ್ಲಿದ್ದಲು ಮತ್ತು ತೈಲ ಅನಿವಾರ್ಯವಾಗಿದ್ದವು. ಎಷ್ಟೇ ದುಬಾರಿಯಾದರೂ ಅವುಗಳನ್ನು ಕೊಳ್ಳದೆ ಗತ್ಯಂತರವಿರಲಿಲ್ಲ.

2015ರಲ್ಲಿ ಕೊರತೆ ಸುಮಾರು 2.8 ಲಕ್ಷ ಕೋಟಿ ಯೆನ್‌ಗೆ ಇಳಿದು, 2016ರಲ್ಲಿ ಹೆಚ್ಚುವರಿಯಾಗಿ ಮಾರ್ಪಟ್ಟಿತು. ನಕ್ಷೆಯಲ್ಲಿ ಇದು ಜೆ ಆಕಾರವನ್ನೇ ತಳೆಯುತ್ತದೆ. ಆದರೆ 2014ರ ಮಧ್ಯಭಾಗದಲ್ಲಿ ಪೀಪಾಯಿಗೆ 110 ಡಾಲರ್ ಆಸುಪಾಸಿನಲ್ಲಿದ್ದ ಕಚ್ಚಾತೈಲ 2015ರ ಜನವರಿಯ ವೇಳೆಗೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಚೇತರಿಕೆಯ ದೊಡ್ಡ ಪಾಲು ಸಲ್ಲಬೇಕಾದುದು ಈ ಇಳಿಕೆಗೆ, ದುರ್ಬಲ ಯೆನ್‌ಗೆ ಅಲ್ಲ.

ಭಾರತದ ಸಂದರ್ಭ

ರೂಪಾಯಿಯ ಕುಸಿತವನ್ನು ಅಳೆಯುವಾಗಲೂ ಯಾವ ಕರೆನ್ಸಿಯಲ್ಲಿ ಲೆಕ್ಕ ಹಾಕಲಾಗಿದೆ ಎಂಬುದನ್ನು ಗಮನಿಸಬೇಕಾಗುತ್ತದೆ. ಭಾರತದ ಆಮದು ಮಾತ್ರವಲ್ಲ, ರಫ್ತಿನ ಬಹುಪಾಲು ಬೆಲೆಯೂ ಡಾಲರಿನಲ್ಲಿ ನಿಗದಿಯಾಗುತ್ತದೆ. ಎರಡೂ ಡಾಲರಿನಲ್ಲೇ ಇದ್ದು ಪ್ರಮಾಣ ಬದಲಾಗದಿದ್ದರೆ, ಡಾಲರ್ ಲೆಕ್ಕದ ಕೊರತೆ ಮೊದಲಿನಷ್ಟೇ ಇರುತ್ತದೆ, ರೂಪಾಯಿ ಲೆಕ್ಕದ ಕೊರತೆ ಮಾತ್ರ ವಿನಿಮಯ ದರದಷ್ಟೇ ಉಬ್ಬುತ್ತದೆ. ಒಂದೇ ತಿಂಗಳ ವ್ಯಾಪಾರವು ಒಂದು ಕೋಷ್ಟಕದಲ್ಲಿ ಜೆ-ವಕ್ರರೇಖೆಯ ಆರಂಭದಂತೆಯೂ ಇನ್ನೊಂದರಲ್ಲಿ ಸಮತಟ್ಟಾದ ಗೆರೆಯಂತೆಯೂ ಕಾಣುವುದು ಇದರಿಂದಲೇ.